ವೈಲ್, ಒಬ್‌ವೋಲ್, ದೆನ್, ಆಬರ್: ಜರ್ಮನ್ ಕ್ರಿಯಾಪದವನ್ನು ಎಲ್ಲಿ ಕೂರಿಸಬೇಕು?

ಜರ್ಮನ್ ಕಲಿಯುವವರ ಪದಪಟ್ಟಿಯಲ್ಲಿ ವೈಲ್ ಎಂದರೂ ಏಕೆಂದರೆ, ದೆನ್ ಎಂದರೂ ಏಕೆಂದರೆ. ಅರ್ಥವನ್ನಷ್ಟೇ ಕೊಟ್ಟು ಕೈಬಿಡುವ ಇಂಥ ಪಟ್ಟಿಗಳನ್ನು ನಂಬಿ ಬಾಯಿಪಾಠ ಮಾಡಬೇಡಿ. ಅರ್ಥ ಒಂದೇ ಆದರೂ ಕ್ರಿಯಾಪದ ಕೂರುವ ಜಾಗ ಬೇರೆ.

ಮೊದಲು ಎರಡು ಬಿಡಿ ವಾಕ್ಯ ಬರೆದುಕೊಳ್ಳಿ. 'ಇಷ್ ಬ್ಲೈಬೆ ತ್ಸು ಹೌಸೆ' (ನಾನು ಮನೆಯಲ್ಲೇ ಇರುತ್ತೇನೆ). 'ಇಷ್ ಹಾಬೆ ಫೀಬರ್' (ನನಗೆ ಜ್ವರವಿದೆ). ಎರಡರಲ್ಲೂ ಕ್ರಿಯಾಪದ ಎರಡನೆಯ ಸ್ಥಾನದಲ್ಲಿದೆ.

ಈಗ ದೆನ್‌ನಿಂದ ಜೋಡಿಸಿ: 'ಇಷ್ ಬ್ಲೈಬೆ ತ್ಸು ಹೌಸೆ, ದೆನ್ ಇಷ್ ಹಾಬೆ ಫೀಬರ್.' ಏನೂ ಕದಲಲಿಲ್ಲ. ಆಬರ್ ಕೂಡ ಹಾಗೆಯೇ: 'ಇಷ್ ಹಾಬೆ ಫೀಬರ್, ಆಬರ್ ಇಷ್ ಗೇಯೆ ತ್ಸೂರ್ ಆರ್ಬೈಟ್' (ಜ್ವರವಿದೆ, ಆದರೆ ಕೆಲಸಕ್ಕೆ ಹೋಗುತ್ತೇನೆ). ಇವೆರಡನ್ನೂ ಸ್ಥಾನದ ಲೆಕ್ಕಕ್ಕೇ ಸೇರಿಸಬಾರದು. ಇವು ಸೊನ್ನೆಯ ಜಾಗದಲ್ಲಿರುವ ಪದಗಳು. 'ದೆನ್ ಹಾಬೆ ಇಷ್ ಫೀಬರ್' ಎಂದು ಬರೆಯುವವರು ದೆನ್ ಅನ್ನು ಒಂದನೆಯ ಸ್ಥಾನವೆಂದು ಎಣಿಸಿರುತ್ತಾರೆ, ಇಲ್ಲವೇ 'ಆಮೇಲೆ' ಎಂಬರ್ಥದ ದಾನ್ ಜೊತೆ ಗೊಂದಲ ಮಾಡಿಕೊಂಡಿರುತ್ತಾರೆ. ದಾನ್ ನಿಜವಾಗಿಯೂ ಒಂದನೆಯ ಸ್ಥಾನ ಹಿಡಿಯುತ್ತದೆ, ದೆನ್ ಹಿಡಿಯುವುದಿಲ್ಲ. ನೆನಪಿಗೆ ಆಡುಸೊ ಎಂಬ ಸೂತ್ರವಿದೆ: ಆಬರ್, ದೆನ್, ಉಂಡ್, ಸೊಂಡರ್ನ್, ಓಡರ್. ಐದೂ ಕ್ರಿಯಾಪದವನ್ನು ಮುಟ್ಟುವುದಿಲ್ಲ. ಇದೊಂದು ಅಡ್ಡದಾರಿಯನ್ನು ಧಾರಾಳವಾಗಿ ಬಳಸಿ.

ವೈಲ್ ಮತ್ತು ಒಬ್‌ವೋಲ್ ಹಾಗಲ್ಲ. 'ಇಷ್ ಬ್ಲೈಬೆ ತ್ಸು ಹೌಸೆ, ವೈಲ್ ಇಷ್ ಫೀಬರ್ ಹಾಬೆ.' ಹಾಬೆ ಕೊನೆಗೆ ಹೋಯಿತು. 'ಇಷ್ ಗೇಯೆ ತ್ಸೂರ್ ಆರ್ಬೈಟ್, ಒಬ್‌ವೋಲ್ ಇಷ್ ಫೀಬರ್ ಹಾಬೆ': ಜ್ವರವಿದ್ದರೂ ಕೆಲಸಕ್ಕೆ ಹೋಗುತ್ತೇನೆ. ಕನ್ನಡದಲ್ಲಿ 'ಇರುವುದರಿಂದ', 'ಇದ್ದರೂ' ಎನ್ನುವಾಗ ಕ್ರಿಯಾಪದವೂ ಕೊಂಡಿಯೂ ಒಟ್ಟಿಗೆ ಕೊನೆಯಲ್ಲಿ ಅಂಟಿಕೊಂಡಿರುತ್ತವೆ. ಜರ್ಮನ್‌ನಲ್ಲಿ ಕೊಂಡಿ ಉಪವಾಕ್ಯದ ಬಾಗಿಲು ತೆರೆಯುತ್ತದೆ, ಕ್ರಿಯಾಪದ ಅದನ್ನು ಮುಚ್ಚುತ್ತದೆ.

ಒಂದೇ ಕ್ರಿಯಾಪದವಿದ್ದಾಗ ಇದು ಸಲೀಸು. ಎರಡಿದ್ದಾಗ ಎಡವುತ್ತಾರೆ. ಕೊನೆಗೆ ಹೋಗಬೇಕಾದದ್ದು ಕರ್ತೃವಿಗೆ ತಕ್ಕಂತೆ ರೂಪ ಬದಲಿಸಿದ ಕ್ರಿಯಾಪದ. 'ಇಷ್ ಮುಸ್ ಆರ್ಬೈಟನ್' (ನಾನು ಕೆಲಸ ಮಾಡಬೇಕು) ಎಂಬುದರಲ್ಲಿ ಅದು ಮುಸ್; ಆದ್ದರಿಂದ 'ವೈಲ್ ಇಷ್ ಆರ್ಬೈಟನ್ ಮುಸ್'. 'ಇಷ್ ಹಾಬೆ ಶ್ಲೆಷ್ಟ್ ಗೆಶ್ಲಾಫನ್' (ಸರಿಯಾಗಿ ನಿದ್ದೆ ಮಾಡಿಲ್ಲ) ಎಂಬುದರಲ್ಲಿ ಹಾಬೆ. ಆದ್ದರಿಂದ 'ವೈಲ್ ಇಷ್ ಶ್ಲೆಷ್ಟ್ ಗೆಶ್ಲಾಫನ್ ಹಾಬೆ'. ಒಡೆಯುವ ಕ್ರಿಯಾಪದಗಳು ಇಲ್ಲಿ ಮತ್ತೆ ಕೂಡಿಕೊಳ್ಳುತ್ತವೆ: 'ಇಷ್ ಷ್ಟೇಯೆ ಫ್ರ್ಯೂ ಔಫ್' (ಬೇಗ ಏಳುತ್ತೇನೆ) ಎಂಬುದು 'ವೈಲ್ ಇಷ್ ಫ್ರ್ಯೂ ಔಫ್‌ಷ್ಟೇಯೆ' ಆಗುತ್ತದೆ.

ಇನ್ನೂ ಹೆಚ್ಚು ಕೆಡುವುದು ಉಪವಾಕ್ಯವನ್ನು ಮುಂದಕ್ಕೆ ತಂದಾಗ. ಕನ್ನಡದ 'ಜ್ವರ ಇರುವುದರಿಂದ ಮನೆಯಲ್ಲೇ ಇರುತ್ತೇನೆ' ಎಂಬ ಓಟ ನಮ್ಮ ಬಾಯಲ್ಲಿ ಇರುವುದರಿಂದ ಹಾಗೆ ತರುವ ಆಸೆಯಾಗುತ್ತದೆ. ತರಬಹುದು: 'ವೈಲ್ ಇಷ್ ಫೀಬರ್ ಹಾಬೆ, ಬ್ಲೈಬೆ ಇಷ್ ತ್ಸು ಹೌಸೆ.' ಅಲ್ಪವಿರಾಮದ ಆಚೆ ಬಂದದ್ದು ಇಷ್ ಅಲ್ಲ, ಬ್ಲೈಬೆ. ಏಕೆ? ಇಡೀ ಉಪವಾಕ್ಯವೇ ಮುಖ್ಯವಾಕ್ಯದ ಒಂದನೆಯ ಸ್ಥಾನವನ್ನು ತುಂಬಿಬಿಟ್ಟಿದೆ. ಕ್ರಿಯಾಪದಕ್ಕೆ ಎರಡನೆಯದು ಬೇಕೇ ಬೇಕು, ಕರ್ತೃ ಅದರ ಹಿಂದೆ ಸರಿಯಬೇಕು. ಬರೆದು ಮುಗಿಸಿದ ಮೇಲೆ ಅಲ್ಪವಿರಾಮದ ಎರಡು ಬದಿಯನ್ನೂ ನೋಡಿ. 'ಹಾಬೆ, ಬ್ಲೈಬೆ' ಎಂದು ಎರಡು ಕ್ರಿಯಾಪದಗಳು ಮುಖಾಮುಖಿ ನಿಂತಿದ್ದರೆ ವಾಕ್ಯ ಸರಿ. 'ಹಾಬೆ, ಇಷ್' ಎಂದಿದ್ದರೆ ತಪ್ಪು. ದೆನ್ ವಾಕ್ಯವನ್ನು ಹೀಗೆ ಮುಂದೆ ತರಲು ಆಗುವುದೇ ಇಲ್ಲ. ಅದು ಯಾವಾಗಲೂ ಎರಡನೆಯದಾಗಿಯೇ ಬರುತ್ತದೆ. ವರೂಮ್ (ಏಕೆ) ಎಂಬ ಪ್ರಶ್ನೆಗೆ ಬಿಡಿ ಉತ್ತರ ಕೊಡುವಾಗಲೂ ವೈಲ್ ಬೇಕು, ದೆನ್ ನಡೆಯದು.

ವೈಲ್, ಒಬ್‌ವೋಲ್, ದೆನ್, ಆಬರ್ ನಾಲ್ಕರಲ್ಲೂ ಜೋಡಿಸಿದ ಎರಡು ವಾಕ್ಯಗಳ ನಡುವೆ ಅಲ್ಪವಿರಾಮ ಕಡ್ಡಾಯ.

'ದೆನ್ ಮೊರ್ಗನ್ ಹಾಬೆ ಇಷ್ ಐನೆ ಪ್ರ್ಯೂಫುಂಗ್' (ಏಕೆಂದರೆ ನಾಳೆ ನನಗೆ ಪರೀಕ್ಷೆಯಿದೆ) ಎಂಬ ವಾಕ್ಯ ಕಂಡು ದೆನ್ ಪದಗಳ ಸ್ಥಾನ ಬದಲಿಸುತ್ತದೆಂದು ತಿಳಿಯಬೇಡಿ. ಕರ್ತೃವನ್ನು ಹಿಂದಕ್ಕೆ ತಳ್ಳಿದ್ದು ಒಂದನೆಯ ಸ್ಥಾನದಲ್ಲಿರುವ ಮೊರ್ಗನ್.

ಜರ್ಮನಿಯಲ್ಲಿ ಮಾತಿನ ನಡುವೆ ವೈಲ್ ಎಂದು ಕೊಂಚ ತಡೆದು, ಆಮೇಲೆ 'ಇಷ್ ಹಾಬೆ ಫೀಬರ್' ಎನ್ನುವುದು ಕಿವಿಗೆ ಬೀಳುತ್ತದೆ. ಆಡುಮಾತಿನಲ್ಲಿ ಅದಕ್ಕೆ ಜಾಗವಿದೆ. ಬರಹದಲ್ಲಿ ಅದು ತಪ್ಪೆಂದೇ ಎಣಿಕೆಯಾಗುತ್ತದೆ. ಕ್ರಿಯಾಪದವನ್ನು ಎರಡನೆಯ ಸ್ಥಾನದಲ್ಲೇ ಇಡಬೇಕೆನಿಸಿದರೆ ಅಲ್ಲಿ ದೆನ್ ಬರೆಯಿರಿ.