ಏಳು ಮಾವಿನಕಾಯಿ, ಒಂದು ಖಾಲಿ ಚೌಕ, ನಾಲ್ಕು ಕೂಡಿಸು ಮೂರು

ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಶಾಲೆಯಿಂದ ಬರುವ ಲೆಕ್ಕದ ವರ್ಕ್‌ಶೀಟ್‌ನಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಮೇಲೆ ಚಿತ್ರಗಳನ್ನು ಎಣಿಸಿ ಸಂಖ್ಯೆ ಬರೆಯಬೇಕು, ನಡುವೆ ಸಂಖ್ಯೆಗಳ ಸಾಲಿನಲ್ಲಿ ಬಿಟ್ಟಿರುವ ಚೌಕ ತುಂಬಬೇಕು, ಕೆಳಗೆ ಚಿಕ್ಕ ಕೂಡುವ ಲೆಕ್ಕ ಮಾಡಬೇಕು. ಮನೆಯಲ್ಲಿ ಅಳು, ಗದರಿಕೆ ಶುರುವಾಗುವುದು ಹೆಚ್ಚಾಗಿ ಕೆಳಗಿನ ಭಾಗಕ್ಕೆ ಬಂದಾಗ. ಆದರೆ ಮಗು ಅಲ್ಲಿ ತಡವರಿಸಲು ಕಾರಣ ಬಹುಪಾಲು ಮೇಲಿನ ಭಾಗದಲ್ಲೇ ಇರುತ್ತದೆ. ಆದ್ದರಿಂದ ಸಮಯದ ಅರ್ಧಕ್ಕಿಂತ ಹೆಚ್ಚನ್ನು ಚಿತ್ರ ಎಣಿಸುವುದಕ್ಕೇ ಕೊಡುವುದು ಒಳ್ಳೆಯದು.

ಉದಾಹರಣೆಗೆ ಒಂದು ಹಾಳೆಯನ್ನು ತೆಗೆದುಕೊಳ್ಳೋಣ. ಮೇಲೆ ಏಳು ಮಾವಿನಕಾಯಿಗಳನ್ನು ಉಂಗುರದ ಹಾಗೆ ಸುತ್ತಲೂ ಬಿಡಿಸಿದ್ದಾರೆ. ನಡುವೆ 2, 4, □, 8 ಎಂದಿದೆ. ಕೆಳಗೆ 4 + 3 = □ ಎಂದಿದೆ. ಪೆನ್ಸಿಲ್ ಕೊಡುವ ಮೊದಲು ಹತ್ತು ಹುಣಸೆ ಬೀಜಗಳನ್ನು ತೊಳೆದು ಒಣಗಿಸಿ ಬಟ್ಟಲಲ್ಲಿಟ್ಟುಕೊಳ್ಳಿ. ಬೀಜವನ್ನು ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಬದಲಿಗೆ ದೊಡ್ಡ ಗುಂಡಿಗಳನ್ನು ಬಳಸಿ. ಹಾಳೆಯ ಕೆಳಗಿನ ಎರಡು ಭಾಗಗಳನ್ನು ಇನ್ನೊಂದು ಕಾಗದದಿಂದ ಮುಚ್ಚಿ.

ಮೊದಲು ಮಗುವಿಗೆ ಪ್ರತಿ ಮಾವಿನಕಾಯಿಯ ಮೇಲೆ ಒಂದೊಂದು ಬೀಜ ಇಡಲು ಹೇಳಿ. ಆಗ ಎಣಿಸುವುದು ಬೇಡ. ಎಲ್ಲಾ ಚಿತ್ರಗಳ ಮೇಲೂ ಬೀಜ ಬಂದ ಮೇಲೆ ಅವನ್ನು ಒಂದೊಂದಾಗಿ ಕೆಳಗೆ ಸರಿಸಿ ಸಾಲಾಗಿ ಜೋಡಿಸುತ್ತಾ ಜೋರಾಗಿ ಎಣಿಸಲಿ. ಬರಿ ಬೆರಳಿನಿಂದ ಉಂಗುರವನ್ನು ಎಣಿಸುವ ಮಗು ಎಲ್ಲಿ ಶುರು ಮಾಡಿದೆನೆಂಬುದನ್ನು ಮರೆತು ಇನ್ನೊಂದು ಸುತ್ತಿಗೆ ಹೊರಟು ಎಂಟು, ಒಂಬತ್ತು ಎನ್ನುತ್ತದೆ. ಬೀಜಗಳಿಲ್ಲದೆ ಮಾಡಿಸುವುದಾದರೆ ಮೊದಲ ಕಾಯಿಗೆ ಒಂದು ಗುರುತು ಹಾಕಿಸುವುದು ಅನಿವಾರ್ಯ. ಉತ್ತರ ಹೆಚ್ಚಾದರೆ ಯಾವುದೋ ಒಂದನ್ನು ಎರಡು ಸಲ ಮುಟ್ಟಿದೆ, ಕಡಿಮೆಯಾದರೆ ಯಾವುದೋ ಒಂದನ್ನು ಬಿಟ್ಟಿದೆ ಎಂದು ಮೊದಲು ಊಹಿಸಿ, ಬೆರಳನ್ನು ಗಮನಿಸಿ. ಇನ್ನೊಂದು ತಪ್ಪು ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ: ಮಗು ‘ಎ-ರಡು’ ಎಂದು ಎಳೆದು ಹೇಳುತ್ತಾ ಒಂದೇ ಪದಕ್ಕೆ ಎರಡು ಚಿತ್ರಗಳ ಮೇಲೆ ಬೆರಳು ಓಡಿಸಿಬಿಡುತ್ತದೆ. ‘ಒಂಬತ್ತು’ ಎನ್ನುವಾಗಲೂ ಹೀಗಾಗುವುದುಂಟು. ಬೀಜವನ್ನು ಸರಿಸುವ ಕೈಕೆಲಸ ಇದನ್ನು ತಾನಾಗಿಯೇ ತಡೆಯುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇನ್ನೊಂದು ವಿಷಯವಿದೆ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲಿನ ಅನೇಕ ಮನೆಗಳಲ್ಲಿ ಮಗು ಅಜ್ಜಿಯ ಜತೆ ತೆಲುಗಿನಲ್ಲಿ ‘ಒಕಟಿ, ರೆಂಡು, ಮೂಡು’ ಎಂದು ಎಣಿಸುತ್ತದೆ, ಶಾಲೆಯಲ್ಲಿ ‘ಒನ್, ಟೂ, ತ್ರೀ’ ಎನ್ನುತ್ತದೆ, ಬೀದಿಯಲ್ಲಿ ಕನ್ನಡ. ಇದು ದೋಷವಲ್ಲ. ಯಾವ ಭಾಷೆಯಲ್ಲಿ ಮಗು ಹತ್ತರವರೆಗೆ ಪ್ರತಿ ಸಲವೂ ಅದೇ ಕ್ರಮದಲ್ಲಿ, ಒಂದನ್ನೂ ಬಿಡದೆ ಹೇಳಬಲ್ಲದೋ ಆ ಭಾಷೆಯಲ್ಲೇ ಎಣಿಸಲು ಬಿಡಿ. ಕೊನೆಗೆ ಬಂದ ‘ಏಡು’ ಶಾಲೆಯಲ್ಲಿ ‘ಸೆವೆನ್’ ಎಂದು ಜೋಡಿಸಿದರೆ ಸಾಕು. ಎಣಿಕೆಯ ನಡುವೆ ಭಾಷೆ ಬದಲಿಸಲು ಒತ್ತಾಯಿಸಿದರೆ ಕ್ರಮವೇ ತಪ್ಪಿಹೋಗುತ್ತದೆ.

ಈಗ ನಿಜವಾದ ಪರೀಕ್ಷೆ. ಮಗು ‘…ಐದು, ಆರು, ಏಳು’ ಎಂದು ಮುಗಿಸಿದ ಕೂಡಲೇ ‘ಒಟ್ಟು ಎಷ್ಟು ಕಾಯಿ ಕಂದಾ?’ ಎಂದು ಕೇಳಿ. ತಕ್ಷಣ ‘ಏಳು’ ಎಂದರೆ, ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕವೆಂಬುದು ಅದಕ್ಕೆ ಬಹುಮಟ್ಟಿಗೆ ತಿಳಿದಿದೆ. ಉತ್ತರ ಕೊಡದೆ ಮತ್ತೆ ‘ಒಂದು, ಎರಡು’ ಎಂದು ಮೊದಲಿನಿಂದ ಶುರು ಮಾಡಿದರೆ ತಿಳಿದಿಲ್ಲ. ಎಷ್ಟು ಎಂದರೆ ಎಣಿಸಿ ತೋರಿಸುವ ಆಟವೆಂದು ಅದು ಭಾವಿಸಿದೆ. ಮಕ್ಕಳ ಎಣಿಕೆಯನ್ನು ಅಧ್ಯಯನ ಮಾಡಿದ ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲಿ ವಿವರಿಸಿದ ಐದು ನಿಯಮಗಳಲ್ಲಿ ಕೊನೆಯ ಸಂಖ್ಯೆಯೇ ಒಟ್ಟು ಲೆಕ್ಕವೆಂಬುದೂ ಒಂದು. ಖಚಿತಪಡಿಸಿಕೊಳ್ಳಲು ಪ್ರಶ್ನೆಯನ್ನು ತಿರುಗಿಸಿ, ಬಟ್ಟಲನ್ನು ಮುಂದಿಟ್ಟು ‘ನನಗೆ ಐದು ಬೀಜ ಕೊಡು’ ಎನ್ನಿ. ಹತ್ತರವರೆಗೆ ಗಟ್ಟಿಯಾಗಿ ಒಪ್ಪಿಸುವ ಮಗುವೂ ಕೈತುಂಬ ಬಾಚಿ ಕೊಡುವುದನ್ನು ಕಾಣಬಹುದು. ಅಂಥ ಮಗುವಿಗೆ ಅಂದು ಕೂಡುವ ಲೆಕ್ಕ ಮಾಡಿಸುವುದು ವ್ಯರ್ಥ. ಎರಡು ಕೊಡು, ಮೂರು ಕೊಡು ಎಂದು ಚಿಕ್ಕದರಿಂದ ಆರಂಭಿಸಿ ಕೆಲವು ದಿನ ಇದನ್ನೇ ಆಡಿಸಿ. ಹಾಳೆ ಅರ್ಧ ಖಾಲಿಯಾಗಿ ಶಾಲೆಗೆ ಹೋದರೂ ಹೋಗಲಿ.

ಇದನ್ನು ದಾಟಿದ ಮಗುವಿಗೆ ನಡುವಿನ ಸಾಲನ್ನು ತೋರಿಸಿ. 2, 4, □, 8 ಎಂಬಲ್ಲಿ ಹೆಚ್ಚು ಮಕ್ಕಳು ಬರೆಯುವುದು 5. ನಾಲ್ಕಾದ ಮೇಲೆ ಐದು ಎಂಬ ಪಾಠ ಬಾಯಿಗೆ ಬಂದಿರುವುದರಿಂದ ಮಗು ಎಡಗಡೆಯ ಒಂದು ಸಂಖ್ಯೆಯನ್ನಷ್ಟೇ ನೋಡುತ್ತದೆ. ತಪ್ಪು ಎಂದು ಅಳಿಸುವ ಬದಲು ಬೀಜಗಳನ್ನು ಜೋಡಿಸಿ: ಒಂದು ಕಂಬದಲ್ಲಿ 2, ಪಕ್ಕದಲ್ಲಿ 4, ಅದರ ಪಕ್ಕ ಮಗು ಹೇಳಿದಂತೆ 5, ಕೊನೆಗೆ 8. ಇದಕ್ಕೆ ಹತ್ತೊಂಬತ್ತು ಬೀಜ ಬೇಕಾಗುವುದರಿಂದ ಇನ್ನೊಂದು ಹಿಡಿ ಹತ್ತಿರವಿರಲಿ. ಮೆಟ್ಟಿಲು ಮೊದಲು ಎರಡರಷ್ಟು ಏರಿ, ಆಮೇಲೆ ಒಂದೇ ಏರಿ, ಕೊನೆಗೆ ಮೂರು ಹಾರುವುದು ಕಣ್ಣಿಗೇ ಕಾಣುತ್ತದೆ. ಮೂರನೆಯ ಕಂಬಕ್ಕೆ ಮಗುವೇ ಇನ್ನೊಂದು ಬೀಜ ಸೇರಿಸಿ ಮೆಟ್ಟಿಲನ್ನು ಸಮ ಮಾಡಿದರೆ 6 ಸಿಗುತ್ತದೆ. ಉತ್ತರ ಬರೆದ ಮೇಲೆ ಬಲಗಡೆಯ 8ರ ಜತೆಗೂ ಹೊಂದುತ್ತದೆಯೇ ಎಂದು ನೋಡುವ ಅಭ್ಯಾಸ ಇಲ್ಲಿಂದಲೇ ಬರಬೇಕು. 9, 8, □, 6 ರಂತಹ ಇಳಿಕೆಯ ಸಾಲು ಇನ್ನೂ ಕಷ್ಟ. ಅದಕ್ಕೆ 1ರಿಂದ 10ರವರೆಗೆ ಬರೆದ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಬೆರಳಿಟ್ಟು ಹಿಂದಕ್ಕೆ ನಡೆಯಲು ಬಿಡಿ.

4 + 3ಕ್ಕೆ ಬಂದಾಗ ಮಗು ನಾಲ್ಕು ಬೀಜ, ಮೂರು ಬೀಜ ಇಟ್ಟು ಎಲ್ಲವನ್ನೂ ಒಂದರಿಂದ ಎಣಿಸಿ ಏಳು ಎಂದರೆ ಈ ವಯಸ್ಸಿಗೆ ಅದು ಪೂರ್ತಿ ಸರಿಯಾದ ಕ್ರಮ. ಮುಂದಿನ ಹೆಜ್ಜೆಗೆ ಆತುರ ಬೇಡ, ಆದರೆ ದಾರಿ ತೋರಿಸಬಹುದು. ನಾಲ್ಕು ಬೀಜಗಳನ್ನು ಮಗುವಿನ ಎದುರಿಗೇ ಎಣಿಸಿ ಬಟ್ಟಲಿನಿಂದ ಮುಚ್ಚಿ, ‘ಒಳಗೆ ನಾಲ್ಕಿವೆ’ ಎಂದು ಹೇಳಿ, ಹೊರಗಿನ ಮೂರನ್ನು ಮುಟ್ಟುತ್ತಾ ‘ಐದು, ಆರು, ಏಳು’ ಎನ್ನಿಸಿ. ಒಳಗಿನದನ್ನು ಎಣಿಸಲೇಬೇಕೆಂದು ಬಟ್ಟಲು ಎತ್ತುವ ಮಗುವಿಗೆ ಇದು ಇನ್ನೂ ಬೇಗವಾಯಿತು, ಬಿಟ್ಟುಬಿಡಿ. ಉತ್ತರ ಯಾವಾಗಲೂ ಒಂದು ಕಡಿಮೆ ಬರುತ್ತಿದ್ದರೆ, ಅಂದರೆ 4 + 3ಕ್ಕೆ 6, 5 + 2ಕ್ಕೆ 6 ಎನ್ನುತ್ತಿದ್ದರೆ, ಹೊರಗಿನ ಮೊದಲ ಬೀಜವನ್ನು ಮುಟ್ಟುವಾಗ ಅದು ಮುಚ್ಚಿದ ಸಂಖ್ಯೆಯನ್ನೇ ಮತ್ತೆ ಹೇಳುತ್ತಿದೆ. ‘ನಾಲ್ಕು’ ಎನ್ನುವಾಗ ಬಟ್ಟಲನ್ನು ತಟ್ಟಿಸಿ, ಆಮೇಲೆ ಬೀಜಕ್ಕೆ ಬೆರಳು ಬರಲಿ. ಈ ಒಂದು ತಟ್ಟು ಸಾಕಾಗುತ್ತದೆ.

ಕಳೆಯುವ ಲೆಕ್ಕವನ್ನು ಅಡ್ಡಗೆರೆ ಎಳೆದ ಚಿತ್ರಗಳಿಂದ ಕೊಟ್ಟಿದ್ದರೆ, ಮಗು ಗೆರೆ ಎಳೆದವುಗಳನ್ನೂ ಸೇರಿಸಿ ಎಣಿಸುವುದು ಸಹಜ, ಏಕೆಂದರೆ ಅವು ಇನ್ನೂ ಕಣ್ಣ ಮುಂದೆಯೇ ಇವೆ. ಅವುಗಳ ಮೇಲಿನ ಬೀಜಗಳನ್ನು ಎತ್ತಿ ಬಟ್ಟಲಿಗೆ ಹಾಕಿಸಿ, ಉಳಿದವನ್ನು ಎಣಿಸಲಿ.

ಇಷ್ಟೆಲ್ಲಾ ಸರಿ ಮಾಡಿ ಮಗು 7 ಅಥವಾ 3ನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರೆ ಅದನ್ನು ಲೆಕ್ಕದ ತಪ್ಪೆಂದು ಕೆಂಪು ಗೆರೆ ಎಳೆಯಬೇಡಿ. ನಾಲ್ಕು, ಐದು ವರ್ಷದಲ್ಲಿ ಇದು ಬಹಳ ಸಾಮಾನ್ಯ. ಬಾಯಲ್ಲಿ ‘ಏಳು’ ಎಂದಿದ್ದರೆ ಉತ್ತರಕ್ಕೆ ಸರಿ ಗುರುತು ಹಾಕಿ, ಅಕ್ಕಪಕ್ಕದಲ್ಲಿ ಚುಕ್ಕಿಗಳಿಂದ ಒಂದು 7 ಬರೆದುಕೊಟ್ಟು ಅದರ ಮೇಲೆ ತಿದ್ದಿಸಿ.