ಕತೆ ಬಿಡಿಸಿ ಸ್ವಾರಸ್ಯ ಬರೆಸಿದ್ದು: ನನ್ನ ಅನುಭವ

"ಸಂದರ್ಭ ಸಹಿತ ಸ್ವಾರಸ್ಯ ಬರೆಯಿರಿ" ಅಂತ ಪ್ರಶ್ನೆ ಕೊಟ್ಟರೆ ಮಕ್ಕಳು ಸಂದರ್ಭವನ್ನೇ ಮುಕ್ಕಾಲು ಪುಟ ಬರೆಯುತ್ತಾರೆ. ಸ್ವಾರಸ್ಯದ ಜಾಗಕ್ಕೆ ಬಂದಾಗ "ಇಲ್ಲಿ ಕವಿ ತಾಯಿಯ ಮಮತೆಯನ್ನು ಮನೋಜ್ಞವಾಗಿ ವರ್ಣಿಸಿದ್ದಾರೆ" ಅಂತ ಒಂದು ಸಾಲು ಹಾಕಿ ಅಡಿಗೆರೆ ಎಳೆಯುತ್ತಾರೆ. ಐಚ್ಛಿಕ ಕನ್ನಡ ಪಾಠ ಮಾಡುವ ಎಲ್ಲರಿಗೂ ಇದು ಗೊತ್ತಿರುವ ವಿಷಯ. ನಾನು ವಿರಾಜಪೇಟೆಯಲ್ಲಿ ಮನೆಯಲ್ಲೇ ಪಿಯು ಮತ್ತು ಡಿಗ್ರಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಕತೆ ಬರೆಯುವ ಚಾಳಿ ಬಿಡಿಸಲು ನನಗೆ ಹತ್ತಿರ ಹತ್ತಿರ ಮೂರು ವರ್ಷ ಹಿಡಿಯಿತು. ಈಗ ಬಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಚಾಳಿ ಮೊದಲು ನನ್ನದೇ ಆಗಿತ್ತು. ಖಾಸಗಿಯಾಗಿ ಎಂಎ ಕಟ್ಟಿದಾಗ ಮೊದಲ ವರ್ಷದ ಕಾವ್ಯದ ಪತ್ರಿಕೆಯಲ್ಲಿ ಪಾಸಿನ ಗೆರೆ ದಾಟಿ ಮೂರೋ ನಾಲ್ಕೋ ಅಂಕ ಬಂದಿತ್ತು. ಹೆಚ್ಚುವರಿ ಹಾಳೆ ಐದು ತೆಗೆದುಕೊಂಡು ಬರೆದಿದ್ದೆ. ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿದೆ, ಒಂದಂಕವೂ ಮೇಲೇರಲಿಲ್ಲ. ಉತ್ತರ ಪತ್ರಿಕೆಯ ನಕಲು ತರಿಸಿ ಓದಿದಾಗ ಗೊತ್ತಾಯಿತು, ಐದೂ ಹಾಳೆಯಲ್ಲಿ ನಾನು ಕಾವ್ಯದ ಕತೆಯನ್ನು ಗದ್ಯದಲ್ಲಿ ಹೇಳಿದ್ದೆ. ಸಾಲಿನಿಂದ ಒಂದು ಪದವನ್ನೂ ಎತ್ತಿರಲಿಲ್ಲ. ಮುಂದಿನ ವರ್ಷ ಬರೆದದ್ದು ಅರ್ಧಕ್ಕರ್ಧ ಕಮ್ಮಿ, ಬಂದದ್ದು ಪ್ರಥಮ ದರ್ಜೆ.

ಅದನ್ನೇ ಮಕ್ಕಳಿಗೆ ಕಲಿಸಲು ಹೋದಾಗ ಮೊದಲನೇ ವರ್ಷ ಪೂರ್ತಿ ಕೆಟ್ಟಿತು. "ಕತೆ ಬರೆಯಲೇ ಕೂಡದು" ಅಂತ ಕಟ್ಟಪ್ಪಣೆ ಮಾಡಿದ್ದೆ. ಕತೆಯೇನೋ ಹೋಯಿತು, ಆದರೆ ಉತ್ತರಕ್ಕೆ ನೆಲವೇ ಇಲ್ಲದ ಹಾಗಾಯಿತು. ಯಾರು ಯಾರಿಗೆ ಯಾವಾಗ ಹೇಳಿದ ಮಾತು ಅನ್ನುವುದೇ ಓದುವವರಿಗೆ ತಿಳಿಯುತ್ತಿರಲಿಲ್ಲ. ಎರಡನೇ ಸಲ ಅಲಂಕಾರ, ಛಂದಸ್ಸು, ಧ್ವನಿ ಎಲ್ಲ ಸೇರಿಸಿ ಹನ್ನೆರಡು ಪುಟದ ಪಟ್ಟಿ ಮಾಡಿ ಝೆರಾಕ್ಸ್ ಹಂಚಿದೆ. ನಲವತ್ತು ಸೆಟ್ಟಿಗೆ ಏಳುನೂರು ಚಿಲ್ಲರೆ ಆಯಿತು. ಫೀಸು ತಿಂಗಳಿಗೆ ಆರುನೂರು ಇರುವಾಗ ಅದು ಸಣ್ಣ ಮೊತ್ತವಲ್ಲ. ಫಲ ಏನೆಂದರೆ ಕತೆಯ ಜಾಗದಲ್ಲಿ "ಇಲ್ಲಿ ಉಪಮಾಲಂಕಾರವಿದೆ, ಇಲ್ಲಿ ಪ್ರಾಸವಿದೆ" ಅನ್ನುವ ಸಾಲುಗಳು ಬಂದು ಕೂತವು. ಹೆಸರು ಹೇಳಿದರು, ಅದು ಏನು ಕೆಲಸ ಮಾಡುತ್ತಿದೆ ಅಂತ ಹೇಳಲಿಲ್ಲ. ಆ ವರ್ಷ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಏಳೆಂಟು ಮಕ್ಕಳು ಬಿಟ್ಟುಹೋದರು. "ಬೇರೆ ಕಡೆ ನೋಟ್ಸ್ ಕೊಡ್ತಾರೆ ಮಿಸ್, ಬಾಯಿಪಾಠ ಮಾಡಿದ್ರೆ ಸಾಕು" ಅಂತ ಒಬ್ಬಳು ಮುಖಕ್ಕೇ ಹೇಳಿದಳು. ನಮ್ಮ ಪೈಕಿಯ ಹಿರಿಯರೊಬ್ಬರು, ಮೂವತ್ತು ವರ್ಷ ಪಾಠ ಮಾಡಿದವರು, "ಕತೆ ಬರೀದೆ ಮಾರ್ಕ್ಸ್ ಯಾರಮ್ಮ ಕೊಡ್ತಾರೆ?" ಅಂದರು.

ಆಮೇಲೆ ನಾನು ಹಿಡಿದದ್ದು ಒಂದೇ ಪದ್ಯ. ಧರಣಿ ಮಂಡಲ ಮಧ್ಯದೊಳಗೆ, ಪುಣ್ಯಕೋಟಿಯ ಹಾಡು. ಮಕ್ಕಳು ನಕ್ಕರು, ಅದು ಪ್ರೈಮರಿಯದ್ದು ಅಂತ. ಆದರೆ ಕತೆ ಎಲ್ಲರಿಗೂ ಗೊತ್ತಿರುವುದೇ ಅದರ ಲಾಭ. ಗೊತ್ತಿಲ್ಲದವರು ಯಾರೂ ಇಲ್ಲದ ಮೇಲೆ ಕತೆಯನ್ನು ಯಾರಿಗೆ ಹೇಳುವುದು? ಅದರಲ್ಲೂ ಕರು ತಾಯಿಯನ್ನು ಕೇಳುವ ಈ ನಾಲ್ಕು ಸಾಲು ಮಾತ್ರ ಬೋರ್ಡಿನ ಮೇಲೆ ಬರೆದೆ:

ಆರ ಮೊಲೆಯನು ಕುಡಿಯಲಮ್ಮ
ಆರ ಬಳಿಯಲಿ ಮಲಗಲಮ್ಮ
ಆರ ಸೇರಿ ಬದುಕಲಮ್ಮ
ಆರು ನನಗೆ ಹಿತವರು

ಮೊದಲ ದಿನ ಬಂದ ಉತ್ತರಗಳೆಲ್ಲ ಒಂದೇ ಅಚ್ಚು. "ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬಂತು. ಆಗ ಕರುವಿಗೆ ವಿಷಯ ತಿಳಿಸಿತು. ಕರು ತುಂಬಾ ದುಃಖಪಟ್ಟಿತು. ಇನ್ನು ನಾನು ಯಾರ ಹಾಲು ಕುಡಿಯಲಿ ಎಂದು ಕೇಳಿತು." ಇದನ್ನು ಬೋರ್ಡಿನ ಮೇಲೆ ಬರೆಸಿ ಪ್ರತಿ ವಾಕ್ಯದ ಕರ್ತೃವಿಗೆ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಹಾಕಿಸಿದೆ. ಪುಣ್ಯಕೋಟಿ, ಪುಣ್ಯಕೋಟಿ, ಕರು, ಕರು. ಕ್ರಿಯಾಪದಕ್ಕೆ ಗೆರೆ ಹಾಕಿಸಿದೆ. ಬಂತು, ತಿಳಿಸಿತು, ದುಃಖಪಟ್ಟಿತು, ಕೇಳಿತು. ಕರ್ತೃ ಪಾತ್ರವಾಗಿದ್ದು ಕ್ರಿಯಾಪದ ಭೂತಕಾಲದಲ್ಲಿದ್ದರೆ ಅದು ಕತೆ. ಕರ್ತೃ ಪದವೋ ಸಾಲೋ ಸಂಬೋಧನೆಯೋ ಆಗಿದ್ದು ಕ್ರಿಯಾಪದ ವರ್ತಮಾನದಲ್ಲಿದ್ದರೆ ಅದು ವಿಶ್ಲೇಷಣೆಯ ದಾರಿಯಲ್ಲಿದೆ. "ಆಗ", "ಆಮೇಲೆ", "ನಂತರ" ಇವುಗಳಿಂದ ವಾಕ್ಯ ಶುರುವಾದರೆ ಓದುವುದೇ ಬೇಡ, ಕತೆ ಅಂತ ಗೊತ್ತು. ಇಷ್ಟೇ ನನ್ನ ಪರೀಕ್ಷೆ. ಸಿದ್ಧಾಂತ ಯಾವುದೂ ಹೇಳಲಿಲ್ಲ. ಮಕ್ಕಳು ತಮ್ಮ ಉತ್ತರಕ್ಕೆ ತಾವೇ ಕೆಂಪು ಗೆರೆ ಹಾಕತೊಡಗಿದ ಮೇಲೆ ಎರಡು ವಾರದಲ್ಲಿ ಕತೆ ಅರ್ಧ ಇಳಿಯಿತು.

ಸಂದರ್ಭಕ್ಕೆ ಎರಡೇ ವಾಕ್ಯ ಅಂತ ಕಟ್ಟುಮಾಡಿದೆ. ಯಾರು ಯಾರಿಗೆ ಹೇಳಿದ್ದು ಒಂದು ವಾಕ್ಯ, ಆ ಗಳಿಗೆಯಲ್ಲಿ ಏನು ಪಣಕ್ಕಿದೆ ಅನ್ನುವುದು ಇನ್ನೊಂದು. "ಹುಲಿಗೆ ಆಹಾರವಾಗಲು ಹೊರಟ ತಾಯಿಗೆ ಕರು ಹೇಳುವ ಮಾತಿದು. ಕೊಟ್ಟ ಮಾತು ಉಳಿದರೆ ಕರು ತಬ್ಬಲಿಯಾಗುತ್ತದೆ." ಮುಗಿಯಿತು.

ಇನ್ನು ಸ್ವಾರಸ್ಯ. ಇಲ್ಲಿ ಕರ್ತೃ ಬದಲಿಸಿದರೆ ಸಾಲದು, ಹೇಳಲು ಏನಾದರೂ ಸಿಗಬೇಕಲ್ಲ. ಅದಕ್ಕೆ ನಾನು ಮಾಡಿಸಿದ್ದು ಪದ ಬದಲಿಸಿ ನೋಡುವ ಆಟ. "ಹಿತವರು" ತೆಗೆದು "ನೆಂಟರು" ಹಾಕಿ ಓದಿ ಅಂದೆ. ಒಬ್ಬ ಹುಡುಗ, ಕಾಕೋಟುಪರಂಬಿನ ಕಡೆಯವನು, ತಕ್ಷಣ ಹೇಳಿದ: "ನೆಂಟ್ರು ದೊಡ್ಡಿ ತುಂಬ ಇದ್ದಾರೆ ಮಿಸ್, ಹಿತ ಬಯಸೋರು ಬೇಕು ಅದಕ್ಕೆ." ಅವನು ಸ್ವಾರಸ್ಯ ಅಂತ ಗೊತ್ತಿಲ್ಲದೇ ಸ್ವಾರಸ್ಯ ಹೇಳಿದ್ದ. ಹಾಗೆಯೇ ಬರೆಸಿದೆ.

ಆಮೇಲೆ ಮೂರು ಕ್ರಿಯೆಗಳ ಸರದಿ. ಕುಡಿಯಲು, ಮಲಗಲು, ಬದುಕಲು. ಮೊದಲನೆಯದು ಈ ಹೊತ್ತಿನ ಹಸಿವು, ಎರಡನೆಯದು ಈ ರಾತ್ರಿ, ಮೂರನೆಯದು ಇಡೀ ಬಾಳು. ಸರದಿ ಹಿಂದುಮುಂದು ಮಾಡಿ ಓದಿಸಿದರೆ ಸಾಲು ಬಿದ್ದುಹೋಗುತ್ತದೆ. ಕರುವಿನ ಅರಿವು ಒಂದೊಂದೇ ಸಾಲಿಗೆ ದೊಡ್ಡದಾಗುತ್ತಿದೆ ಅನ್ನುವುದನ್ನು ಈ ಸರದಿಯೇ ತೋರಿಸುತ್ತದೆ. "ದುಃಖ" ಅನ್ನುವ ಪದ ಪದ್ಯದ ಆ ನಾಲ್ಕು ಸಾಲಲ್ಲಿ ಎಲ್ಲೂ ಇಲ್ಲ.

ಇದರ ಮಧ್ಯೆ ಒಂದು ಬೇರೆ ಪ್ರಯೋಗ ಮಾಡಿದೆ. ನನ್ನ ಮಕ್ಕಳಲ್ಲಿ ಕೆಲವರ ಮನೆಮಾತು ಕೊಡವ ತಕ್ಕ್, ಕೆಲವರದು ಅರೆಭಾಷೆ. ಈ ನಾಲ್ಕು ಸಾಲನ್ನು ನಿಮ್ಮ ಮನೆಮಾತಿಗೆ ತನ್ನಿ, ಎಲ್ಲಿ ತಡೆಯುತ್ತದೋ ಅಲ್ಲಿ ಪೆನ್ನಿಡಿ ಅಂದೆ. ಮಳೆಗಾಲ, ಕರೆಂಟು ಹೋಗಿತ್ತು, ಮೇಣದಬತ್ತಿಯ ಸುತ್ತ ಕೂತು ಬರೆದರು. ಕೊಡವ ಹುಡುಗಿಯೊಬ್ಬಳು "ಅಮ್ಮ" ಇದ್ದಲ್ಲೆಲ್ಲ "ಅವ್ವ" ಅಂತ ಹಾಕುತ್ತಾ ಬಂದವಳು ನಾಲ್ಕನೇ ಸಾಲಿಗೆ ನಿಂತಳು. "ಮಿಸ್, ಇಲ್ಲಿ ಅವ್ವ ಇಲ್ಲ." ಹೌದು, ಮೊದಲ ಮೂರು ಸಾಲಿನ ಕೊನೆಗೂ "ಅಮ್ಮ" ಇದೆ, ನನ್ನವರು ಯಾರು ಅಂತ ಕೇಳುವ ಸಾಲಲ್ಲೇ ಅದು ಇಲ್ಲ. ಇಷ್ಟು ವರ್ಷ ಹಾಡಿದ್ದ ನಾನೂ ಅದನ್ನು ಗಮನಿಸಿರಲಿಲ್ಲ. ತಾಯಿ ಇನ್ನೂ ಎದುರಿಗೇ ನಿಂತಿದ್ದಾಳೆ, ಕರುವಿನ ಮಾತಿನಿಂದ ಆಗಲೇ ಮರೆಯಾಗಿದ್ದಾಳೆ. ಆ ಸಂಜೆ ನನಗೆ ಆದ ಸಂತೋಷ ಹೇಳತೀರದು.

ಮುಂದೆ ತಾಯಿ ದೊಡ್ಡಿಯ ಹಸುಗಳನ್ನು "ಅಮ್ಮಗಳಿರಾ ಅಕ್ಕಗಳಿರಾ" ಅಂತ ಕರೆಯುವ ಸಾಲನ್ನು ಪಕ್ಕಕ್ಕಿಟ್ಟು ನೋಡಿದೆವು. ಕರುವಿನ ಬಾಯಿಂದ ಬಿಟ್ಟುಹೋದ "ಅಮ್ಮ" ತಾಯಿಯ ಬಾಯಲ್ಲಿ ಬಹುವಚನವಾಗಿ ವಾಪಸು ಬರುತ್ತದೆ. "ಯಾರು ಹಿತವರು" ಅಂದದ್ದಕ್ಕೆ ಅದೇ ಉತ್ತರ. ಇಷ್ಟು ಬರೆದ ಉತ್ತರಕ್ಕೆ ಯಾರು ತಾನೇ ಅಂಕ ಕಡಿಯುತ್ತಾರೆ?

ಆದರೆ ಇಲ್ಲೊಂದು ಅಪಾಯ ಇದೆ. ಹುರುಪು ಹತ್ತಿದ ಒಬ್ಬ, "ನಾಲ್ಕನೇ ಸಾಲು ಚಿಕ್ಕದು, ಕರುವಿನ ಗಂಟಲು ಕಟ್ಟಿದ್ದರಿಂದ" ಅಂತ ಬರೆದ. ಕೇಳಲು ಚೆಂದ, ಆದರೆ ತಪ್ಪು. ಈ ಹಾಡಿನ ಪ್ರತಿ ಪದ್ಯದಲ್ಲೂ ನಾಲ್ಕನೇ ಸಾಲು ಚಿಕ್ಕದೇ. ಗೊಲ್ಲ ಹಸುಗಳನ್ನು ಕರೆಯುವಾಗಲೂ ಚಿಕ್ಕದೇ. ಅದು ಧಾಟಿಯ ಕಟ್ಟು, ಕರುವಿನ ಗಂಟಲಲ್ಲ. ಹಾಗಾಗಿ ರೂಪದ ಬಗ್ಗೆ ಏನು ಹೇಳುವ ಮೊದಲೂ ಪಕ್ಕದ ಎರಡು ಪದ್ಯ ನೋಡಿ, ಅಲ್ಲಿಯೂ ಅದೇ ಇದ್ದರೆ ಬಿಟ್ಟುಬಿಡಿ ಅನ್ನುವ ನಿಯಮ ಮಾಡಿದೆ. "ಖಂಡವಿದೆಕೋ" ಪದ್ಯದಲ್ಲಿ ಖಂಡ, ಗುಂಡಿಗೆ, ಚಂಡ ಅಂತ ಸಾಲಿನ ಎರಡನೇ ಅಕ್ಷರ ಒಂದೇ ಬರುತ್ತದೆ. ಅದು ದ್ವಿತೀಯಾಕ್ಷರ ಪ್ರಾಸ ಅಂತ ಬರೆದು ನಿಲ್ಲಿಸಿದರೆ ಅರ್ಧ ಅಂಕ. ಖಂಡ, ಮಾಂಸ, ಗುಂಡಿಗೆಯ ಬಿಸಿರಕ್ತ ಅಂತ ಹೊರಗಿನಿಂದ ಒಳಕ್ಕೆ ಹೋಗುತ್ತಿದೆ, ಪ್ರತಿಯೊಂದಕ್ಕೂ "ಇದೆಕೋ" ಅಂತ ಎತ್ತಿಕೊಡುತ್ತಿದೆ, ಹಾಲು ಕೊಟ್ಟು ಅಭ್ಯಾಸವಾದ ಜೀವ ಇಲ್ಲೂ ಕೊಡುವ ಮಾತನ್ನೇ ಆಡುತ್ತಿದೆ ಅಂತ ಬರೆದರೆ ಪೂರ್ತಿ.

ಗದ್ಯಕ್ಕೂ ಇದೇ ಕೆಂಪು ಗೆರೆ ಸಾಕು. ಪದದ ಬದಲು ವಾಕ್ಯದ ಉದ್ದ ನೋಡಿಸುತ್ತೇನೆ. "ಕಣದಲ್ಲಿ ಮೂರು ದಿನದಿಂದ ಒಣಗುತ್ತಿದ್ದ ಕಾಫಿಯನ್ನು ಅಜ್ಜ ಗೋರಿ ರಾಶಿ ಮಾಡಿ ಟಾರ್ಪಾಲು ಎಳೆಯುವಷ್ಟರಲ್ಲಿ ಮಳೆ ಬಂತು. ನೆನೆಯಿತು. ಅಜ್ಜ ಒಳಗೆ ಹೋದ." ಇದು ನಾನೇ ಬರೆದುಕೊಟ್ಟ ತುಣುಕು. ಅಜ್ಜನ ನಷ್ಟವನ್ನು ಯಾವ ವಾಕ್ಯ ಹೇಳುತ್ತದೆ ಅಂದರೆ ಮಕ್ಕಳು "ನೆನೆಯಿತು" ಅನ್ನುತ್ತಾರೆ. ದುಡಿಮೆಗೆ ಉದ್ದ ವಾಕ್ಯ, ನಷ್ಟಕ್ಕೆ ಒಂದೇ ಪದ. ನಮ್ಮೂರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಫಲಿತಾಂಶ ನಾನೇ ಅಳೆದರೆ ನಂಬಿಕೆ ಇರುವುದಿಲ್ಲ ಅಂತ, ಮಾರ್ಕ್ಸ್ ಯಾರು ಕೊಡ್ತಾರೆ ಅಂದಿದ್ದ ಆ ಹಿರಿಯರಿಗೇ ಹೆಸರಿಲ್ಲದ ಉತ್ತರಗಳನ್ನು ಕೊಟ್ಟೆ, ಒಂದಕ್ಕೆ ಹತ್ತು ರೂಪಾಯಿಯಂತೆ. ಜೂನಿನಲ್ಲಿ ಇಪ್ಪತ್ತೆರಡು ಉತ್ತರ, ಹತ್ತಕ್ಕೆ ಸರಾಸರಿ ನಾಲ್ಕರ ಹತ್ತಿರ. ದೀಪಾವಳಿ ಕಳೆದು ಅದೇ ಮಕ್ಕಳದ್ದು ಆರೂವರೆ, ಏಳು. ಉತ್ತರದ ಉದ್ದ ಒಂದೂವರೆ ಪುಟದಿಂದ ಮುಕ್ಕಾಲು ಪುಟಕ್ಕೆ ಇಳಿದಿತ್ತು. ಅವರು ಎರಡನೇ ಕಟ್ಟಿನ ದುಡ್ಡು ತೆಗೆದುಕೊಳ್ಳಲಿಲ್ಲ. "ಈ ಅವ್ವ ಇಲ್ಲದ ಸಾಲು ಯಾರು ಕಂಡದ್ದು?" ಅಂತ ಕೇಳಿ, ಆ ಹುಡುಗಿಯನ್ನು ಕರೆಸಿ ಮಾತಾಡಿಸಿದರು.

ಸ್ವಾರಸ್ಯದ ಮೊದಲ ವಾಕ್ಯವನ್ನು ಹೇಗೆ ಎತ್ತಬೇಕು ಅನ್ನುವುದಕ್ಕೆ ನನ್ನದೊಂದು ಕ್ರಮ ಇದೆ. ಅದನ್ನು ಸದ್ಯಕ್ಕೆ ನನ್ನ ಬ್ಯಾಚಿನ ಮಕ್ಕಳಿಗೆ ಮಾತ್ರ ಹೇಳಿಕೊಡುತ್ತಿದ್ದೇನೆ. ಬಿಟ್ಟುಹೋಗಿದ್ದವರಲ್ಲಿ ಮೂವರು ವಾಪಸು ಬಂದಿದ್ದಾರೆ. ಬರುವ ತಿಂಗಳಿಂದ ಹಳಗನ್ನಡದ ಪದ್ಯಗಳಿಗೆ ಕೆಂಪು ಗೆರೆ ಹಾಕಿಸಲು ಶುರು ಮಾಡುತ್ತೇನೆ. ಅಲ್ಲಿ ಕರ್ತೃ ಹುಡುಕುವುದೇ ಮೊದಲ ಕಷ್ಟ, ಅನ್ವಯ ಮಾಡಿಸಿದ ಮೇಲೇ ಗೆರೆ.