ದಿನವೂ ದೂರ ಓಡಾಡುವವರು ಕಾರು ಕೊಳ್ಳುವ ಮುನ್ನ: ಒಳಗಿನ ಸದ್ದು ಮತ್ತು ಸೀಟನ್ನು ಪರೀಕ್ಷಿಸುವುದು ಹೇಗೆ?

ತುಮಕೂರಿನಲ್ಲಿ ಮನೆ, ಯಶವಂತಪುರದಲ್ಲಿ ಕಚೇರಿ. ಹೋಗಲು ಸುಮಾರು 65 ಕಿ.ಮೀ., ಬರಲು ಅಷ್ಟೇ. ಇಂಥ ಓಡಾಟಕ್ಕೆಂದು ಕಾರು ಕೊಳ್ಳಲು ಹೊರಟವರು ಷೋರೂಮಿನವರು ಕೊಡುವ ಹದಿನೈದು ನಿಮಿಷದ ಟೆಸ್ಟ್ ಡ್ರೈವ್ ಮುಗಿಸಿ ಬುಕಿಂಗ್ ಹಣ ಕಟ್ಟಿಬಿಡುತ್ತಾರೆ. ಆ ಹದಿನೈದು ನಿಮಿಷದಲ್ಲಿ ಕಾರು ಬಹುಪಾಲು ಸಿಗ್ನಲ್‌ಗಳ ನಡುವೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗಿರುತ್ತದೆ, ಹಾಡು ಹಾಕಿರುತ್ತಾರೆ, ಪಕ್ಕದಲ್ಲಿ ಕುಳಿತ ಮಾರಾಟ ಸಿಬ್ಬಂದಿ ಮಾತನಾಡುತ್ತಲೇ ಇರುತ್ತಾರೆ. ಹೆದ್ದಾರಿಯ ಸದ್ದು ಆ ವೇಗದಲ್ಲಿ ಹುಟ್ಟುವುದೇ ಇಲ್ಲ. ಸೀಟಿನ ದೋಷ ಅಷ್ಟು ಬೇಗ ಮೈಗೆ ತಿಳಿಯುವುದೂ ಇಲ್ಲ. ಹಾಗಾಗಿ ನೀವು ದಿನವೂ ಹೋಗುವ ವೇಗದಲ್ಲಿ, ಅಂಥದ್ದೇ ರಸ್ತೆಯಲ್ಲಿ, ಕನಿಷ್ಠ 45 ನಿಮಿಷ ಓಡಿಸದೆ ಇವೆರಡರ ಬಗ್ಗೆ ತೀರ್ಮಾನಕ್ಕೆ ಬರಬಾರದು. ಷೋರೂಮಿನವರು ಅಷ್ಟು ಹೊತ್ತು ಕೊಡಲು ಒಪ್ಪದಿದ್ದರೆ, ಸ್ವಂತ ಚಾಲನೆಗೆ ಬಾಡಿಗೆಗೆ ಸಿಗುವ ಕಾರುಗಳಲ್ಲಿ ಅದೇ ಮಾದರಿಯದನ್ನು ಹುಡುಕಿ ಒಂದು ದಿನದ ಮಟ್ಟಿಗೆ ಪಡೆಯಿರಿ. ಮುಂದೆ ಹಲವು ವರ್ಷ ಕೂರಬೇಕಾದ ಜಾಗದ ಪರೀಕ್ಷೆಗೆ ಆ ಬಾಡಿಗೆ ದೊಡ್ಡ ಮೊತ್ತವಲ್ಲ.

ಹೊರಡುವ ಮೊದಲು

ನಿಮ್ಮ ದಾರಿಯಲ್ಲಿ ಯಾವ ಬಗೆಯ ರಸ್ತೆ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತುಮಕೂರಿನ ಉದಾಹರಣೆಯಲ್ಲಿ ಡಾಂಬರಿನ ಹೆದ್ದಾರಿಯೇ ಹೆಚ್ಚು. ಕೊನೆಯಲ್ಲಿ ಪೀಣ್ಯದ ಮೇಲ್ಸೇತುವೆಯ ಜೋಡಣೆಗಳು, ಆಮೇಲೆ ನಗರದ ದಟ್ಟಣೆ. ದಿನವೂ ವೈಟ್ ಟಾಪಿಂಗ್ ಆದ ಕಾಂಕ್ರೀಟ್ ರಸ್ತೆಯಲ್ಲಿ ಓಡಾಡುವವರು ಅದನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಬೇಕು. ಏಕೆಂದರೆ ಗೀರು ಎಳೆದ ಕಾಂಕ್ರೀಟಿನ ಮೇಲೆ ಟೈರಿನ ಸದ್ದು ನಯವಾದ ಡಾಂಬರಿಗಿಂತ ಸ್ಪಷ್ಟವಾಗಿ ಹೆಚ್ಚು.

ಟೆಸ್ಟ್ ಡ್ರೈವ್ ಕಾರಿನ ಟೈರುಗಳನ್ನೂ ನೋಡಿಕೊಳ್ಳಿ. ಚಾಲಕನ ಬಾಗಿಲಿನ ಕಂಬದ ಬಳಿ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಗಾಳಿ ಇರಬೇಕೆಂದು ಬರೆದಿರುತ್ತದೆ. ಅದಕ್ಕಿಂತ ನಾಲ್ಕೈದು ಪಿಎಸ್‌ಐ ಹೆಚ್ಚು ತುಂಬಿದ್ದರೆ ಸೀಟು ಎಷ್ಟೇ ಚೆನ್ನಾಗಿದ್ದರೂ ಸವಾರಿ ಗಡುಸಾಗುತ್ತದೆ, ಕಮ್ಮಿಯಿದ್ದರೆ ಕಾರು ಇರುವುದಕ್ಕಿಂತ ಮೆತ್ತಗೆನಿಸುತ್ತದೆ. ಗಾಳಿ ಸರಿಮಾಡಿಸಿದ ಬಳಿಕವೇ ಹೊರಡಿ.

ಸದ್ದು ಎಲ್ಲಿಂದ ಬರುತ್ತಿದೆ?

ಕಾರಿನೊಳಗೆ ಕೇಳಿಸುವ ಸದ್ದಿಗೆ ಮುಖ್ಯವಾಗಿ ಮೂರು ಮೂಲಗಳಿವೆ: ಎಂಜಿನ್, ಟೈರು ಮತ್ತು ಗಾಳಿ. ನಿಧಾನವಾಗಿ ಹೋಗುವಾಗ ಎಂಜಿನ್ ಮುಂದಿರುತ್ತದೆ. 50-60ರಿಂದ ಮೇಲೆ ಟೈರಿನ ಸದ್ದು ಅದನ್ನು ಮೀರುತ್ತದೆ. ನೂರರ ಆಸುಪಾಸಿನಲ್ಲಿ ಗಾಳಿ ಸೇರಿಕೊಂಡು ಕ್ರಮೇಣ ಮೇಲುಗೈ ಪಡೆಯುತ್ತದೆ. ಒಂದೊಂದನ್ನು ತಡೆಯುವ ಬಗೆಯೂ ಬೇರೆ. ಬಾನೆಟ್‌ನ ಅಡಿಯ ದಪ್ಪ ಹಾಸನ್ನು ತೋರಿಸಿ "ಸದ್ದೇ ಬರುವುದಿಲ್ಲ ಸಾರ್" ಎನ್ನುತ್ತಾರಲ್ಲ, ಆ ಹಾಸು ಎಂಜಿನ್ನಿನ ಸದ್ದನ್ನಷ್ಟೇ ತಗ್ಗಿಸುತ್ತದೆ, ಟೈರಿನ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಬಾಗಿಲು ಮುಚ್ಚಿದಾಗ ಬರುವ ಗಟ್ಟಿಯಾದ 'ಧಪ್' ಎಂಬ ಸದ್ದಿನಿಂದಲೂ ಒಳಗಿನ ನಿಶ್ಶಬ್ದವನ್ನು ಅಳೆಯಲಾಗದು.

ಮೊದಲು ಕಾರು ನಿಂತಿರುವಾಗಲೇ ಎಂಜಿನ್ ಚಾಲೂ ಮಾಡಿ, ಕಿಟಕಿಗಳನ್ನು ಏರಿಸಿ, ಹಾಡು ನಿಲ್ಲಿಸಿ, ಎ.ಸಿ.ಯನ್ನು ಒಮ್ಮೆ ಹಾಕಿ ಒಮ್ಮೆ ತೆಗೆದು ಸ್ಟಿಯರಿಂಗ್, ಸೀಟು ಮತ್ತು ಗೇರ್ ಹಿಡಿಕೆಯ ಮೇಲೆ ಕೈ ಇಟ್ಟು ನೋಡಿ. ಮೂರು ಸಿಲಿಂಡರಿನ ಎಂಜಿನ್‌ಗಳಲ್ಲಿ ನಿಂತಲ್ಲೇ ಸಣ್ಣ ನಡುಕ ಇರುವುದು ಸಹಜ. ಆದರೆ ಎ.ಸಿ. ಹಾಕಿದ ಕೂಡಲೇ ಆ ನಡುಕ ಸೀಟಿನವರೆಗೂ ಬಂದರೆ, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ದಿನವೂ ಅದನ್ನು ಸಹಿಸಬೇಕಾಗುತ್ತದೆ ಎಂಬುದು ನೆನಪಿರಲಿ.

ನಂತರ ಹೆದ್ದಾರಿಗೆ ಬಂದು ಗಂಟೆಗೆ 80 ಕಿ.ಮೀ. ವೇಗವನ್ನು ಸ್ಥಿರವಾಗಿ ಹಿಡಿದುಕೊಳ್ಳಿ. ಕಾರಿನ ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುತ್ತದೆ, ಆ ಹೆಚ್ಚುವರಿ ಒಂದೊಂದು ಕಾರಿನಲ್ಲಿ ಒಂದೊಂದು ರೀತಿ. ಆದ್ದರಿಂದ ಎರಡು ಕಾರುಗಳನ್ನು ಹೋಲಿಸುವವರು ಪಕ್ಕದಲ್ಲಿ ಕುಳಿತವರ ಫೋನಿನ ಜಿಪಿಎಸ್ ವೇಗವನ್ನು ನೆಚ್ಚುವುದು ಒಳ್ಳೆಯದು. ಅದೇ ವೇಗದಲ್ಲಿ ಗೇರನ್ನು ಐದರಿಂದ ನಾಲ್ಕಕ್ಕೆ ಇಳಿಸಿದಾಗ ಸದ್ದಿನ ಸ್ವರ ಏರಿದರೆ ಆ ಭಾಗ ಎಂಜಿನ್ನಿನದು. ರಸ್ತೆಯ ಮೇಲ್ಮೈ ಬದಲಾದ ಕ್ಷಣದಲ್ಲೇ ಸದ್ದೂ ಬದಲಾದರೆ ಅದು ಟೈರಿನದು. ರಸ್ತೆ, ಗೇರು ಎರಡೂ ಬದಲಾಗದೆ ವೇಗ ಏರಿದಂತೆ ಕಿವಿಯ ಪಕ್ಕದಲ್ಲೇ, ಕನ್ನಡಿಯ ಕಡೆಯಿಂದ ಸುಯ್ಯೆನ್ನುವ ಸದ್ದು ಏರುತ್ತಿದ್ದರೆ ಅದು ಗಾಳಿಯದು.

ಗಾಳಿಯ ಸದ್ದು ಒಂದೇ ಬದಿಯಿಂದ ಬರುತ್ತಿದ್ದರೆ ಬಾಗಿಲಿನ ಬೀಡಿಂಗ್ ರಬ್ಬರ್ ಸರಿಯಾಗಿ ಕೂತಿಲ್ಲದಿರಬಹುದು. ಕಾರು ನಿಲ್ಲಿಸಿ, ಒಂದು ಕಾಗದದ ಪಟ್ಟಿಯನ್ನು ಬಾಗಿಲಿನ ಅಂಚಿನಲ್ಲಿಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಒಂದೆಡೆ ಬಿಗಿ, ಇನ್ನೊಂದೆಡೆ ಸರಾಗವಾಗಿ ಜಾರಿದರೆ ರಬ್ಬರ್ ಅಲ್ಲಿ ಒತ್ತುತ್ತಿಲ್ಲ ಎಂದರ್ಥ. ಇದು ಆ ಒಂದು ಕಾರಿನ ದೋಷವಾಗಿರಬಹುದು, ಸರಿಪಡಿಸಲೂ ಬರುತ್ತದೆ. ಟೈರಿನ ಸದ್ದು ಹಾಗಲ್ಲ. ಅದು ಸಸ್ಪೆನ್ಷನ್ ಮೂಲಕ ಕಾರಿನ ಲೋಹದ ಮೈಗೇ ಹರಡುವುದರಿಂದ ಹೆಚ್ಚಿನ ಪಾಲು ಆ ಮಾದರಿಯ ಗುಣವೇ ಆಗಿರುತ್ತದೆ.

ಫೋನಿನಿಂದ ಅಳೆಯುವಾಗ

ಸದ್ದು ಅಳೆಯುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಫೋನಿನ ಮೈಕು ಪ್ರಮಾಣೀಕೃತ ಉಪಕರಣವಲ್ಲದ ಕಾರಣ ಅದು ಹೇಳುವ ಅಂಕಿ ಹಲವು ಡೆಸಿಬೆಲ್‌ನಷ್ಟು ತಪ್ಪಿರಬಹುದು. ಆದರೆ ಒಂದೇ ಫೋನು, ಒಂದೇ ರಸ್ತೆ, ಒಂದೇ ವೇಗ ಇಟ್ಟುಕೊಂಡರೆ ಎರಡು ಕಾರುಗಳ ನಡುವಿನ ವ್ಯತ್ಯಾಸವನ್ನು ನಂಬಬಹುದು. ಫೋನನ್ನು ಡ್ಯಾಷ್‌ಬೋರ್ಡಿನ ಮೇಲಿಡದೆ, ಪಕ್ಕದ ಸೀಟಿನವರು ತಮ್ಮ ಕಿವಿಯ ಎತ್ತರದಲ್ಲಿ ಹಿಡಿದುಕೊಳ್ಳಲಿ. ಕ್ಷಣಕ್ಷಣಕ್ಕೆ ಕುಣಿಯುವ ಅಂಕಿಯನ್ನು ಬಿಟ್ಟು, ಆ್ಯಪ್‌ನಲ್ಲಿ LAeq ಎಂದು ಕಾಣುವ ಸರಾಸರಿಯನ್ನು ಒಂದು ನಿಮಿಷದ ಮಟ್ಟಿಗೆ ಬರೆದುಕೊಳ್ಳಿ. ಎದುರುಗಾಳಿಯ ಪರಿಣಾಮ ಸರಿದೂಗಲು ಅದೇ ದಾರಿಯಲ್ಲಿ ಹಿಂದಿರುಗುವಾಗಲೂ ಅಳೆಯಿರಿ. ಮಳೆ ಬಿದ್ದ ರಸ್ತೆಯಲ್ಲಿ ಅಳೆದದ್ದನ್ನು ಒಣ ರಸ್ತೆಯದರೊಂದಿಗೆ ಹೋಲಿಸಬೇಡಿ.

ಡೆಸಿಬೆಲ್ ಲೆಕ್ಕ ಸಾಮಾನ್ಯ ಕೂಡು-ಕಳೆ ಅಲ್ಲ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. 10 ಏರಿದರೆ ನಮ್ಮ ಕಿವಿಗೆ ಸದ್ದೇ ಹೆಚ್ಚುಕಡಿಮೆ ಎರಡರಷ್ಟಾದಂತೆ ಅನ್ನಿಸುತ್ತದೆ. ಹಾಗಾಗಿ ಒಂದೆರಡು ಡೆಸಿಬೆಲ್ ವ್ಯತ್ಯಾಸವನ್ನು ಅಳತೆಯ ತಪ್ಪೆಂದು ಬದಿಗಿಡಿ, ಮೂರನ್ನು ದಾಟಿದರೆ ಗಂಭೀರವಾಗಿ ತೆಗೆದುಕೊಳ್ಳಿ.

ಈ ಅಂಕಿಗೆ ಒಂದು ದೊಡ್ಡ ಮಿತಿಯಿದೆ. ಆ್ಯಪ್‌ಗಳು ಸಾಮಾನ್ಯವಾಗಿ ಬಳಸುವ 'ಎ' ಮಾಪನವು ತಗ್ಗು ಸ್ವರದ ಗುಂಯ್‌ಗುಡುವಿಕೆಯನ್ನು ಬಹಳ ಕಡಿಮೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ಗಂಟೆಯ ಪಯಣದ ಬಳಿಕ ತಲೆ ಭಾರವಾಗಿಸುವುದು ಎಷ್ಟೋ ಸಲ ಇದೇ ಗುಂಯ್‌ಗುಡುವಿಕೆ. ಆ್ಯಪ್‌ನಲ್ಲಿ 'ಸಿ' ಮಾಪನದ ಆಯ್ಕೆ ಇದ್ದರೆ ಅದರಲ್ಲೂ ಅಳೆದು ಎರಡು ಕಾರುಗಳನ್ನು ಹೋಲಿಸಿ. ಜೊತೆಗೆ ಹಿಂದಿನ ಸೀಟಿನಲ್ಲಿ ಕುಳಿತವರು ಪತ್ರಿಕೆಯ ಒಂದು ಸುದ್ದಿಯನ್ನು ಮಾಮೂಲು ದನಿಯಲ್ಲಿ ಓದಲಿ. 80ರ ವೇಗದಲ್ಲಿ ಅದು ನಿಮಗೆ ಮತ್ತೆ ಕೇಳದೆ ಅರ್ಥವಾಗಬೇಕು.

ಸೀಟಿನ ಪರೀಕ್ಷೆ

ಷೋರೂಮಿನಲ್ಲಿ ಕೂತೊಡನೆ ಹಿತವೆನಿಸುವುದು ಸಾಮಾನ್ಯವಾಗಿ ಮೆತ್ತನೆಯ ಸೀಟು. ಅದೇ ಸೀಟಿನ ಫೋಮ್ ಅರ್ಧ ಗಂಟೆಯಲ್ಲಿ ಪೂರ್ತಿ ಅಮುಕಿಕೊಂಡು, ಪೃಷ್ಠದ ಮೂಳೆಗಳಿಗೆ ಕೆಳಗಿನ ಗಟ್ಟಿ ತಳ ತಾಗಲು ಶುರುವಾಗಬಹುದು. ತುಸು ಗಟ್ಟಿಯಾದ, ತೊಡೆಯವರೆಗೂ ಭಾರ ಹಂಚುವ ಸೀಟು ದೂರದ ಪಯಣಕ್ಕೆ ಮೇಲು.

ಕಚೇರಿಗೆ ಹಾಕಿಕೊಳ್ಳುವ ಬಟ್ಟೆ, ಬೂಟಿನಲ್ಲೇ ಹೋಗಿ, ಹಿಂದಿನ ಜೇಬಿನ ಪರ್ಸನ್ನು ತೆಗೆದಿಟ್ಟು ಕುಳಿತುಕೊಳ್ಳಿ. ಮೊದಲು ಎತ್ತರ ಹೊಂದಿಸಿ: ಸೊಂಟವು ಮಂಡಿಗಿಂತ ಕೆಳಗಿರಬಾರದು, ರಸ್ತೆ ಚೆನ್ನಾಗಿ ಕಾಣಬೇಕು. ನಂತರ ಕ್ಲಚ್ಚನ್ನು ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಮಡಿಸಿರುವಂತೆ ಸೀಟನ್ನು ಹಿಂದೆ-ಮುಂದೆ ಸರಿಸಿ. ಆಟೊಮ್ಯಾಟಿಕ್ ಆದರೆ ಬ್ರೇಕಿಗೆ ಇದೇ ಮಾತು. ಬೆನ್ನು ಪೂರ್ತಿ ಒರಗಿರುವಾಗ ಚಾಚಿದ ಕೈಯ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚನ್ನು ಮುಟ್ಟಬೇಕು. ಹಲವು ಕಾರುಗಳ ಸ್ಟಿಯರಿಂಗು ಮೇಲೆ ಕೆಳಗೆ ಸರಿಯುತ್ತದೆಯೇ ಹೊರತು ನಮ್ಮತ್ತ ಬರುವುದಿಲ್ಲ. ಎತ್ತರದವರು ಅಲ್ಲಿ ಕಾಲಿಗೆ ಹೊಂದಿಸಿದರೆ ಕೈಗೆ ದೂರ, ಕೈಗೆ ಹೊಂದಿಸಿದರೆ ಕಾಲಿಗೆ ಇಕ್ಕಟ್ಟು. ಇದು ಅಭ್ಯಾಸದಿಂದ ಸರಿಹೋಗುವ ತೊಂದರೆಯಲ್ಲ. ಕೊನೆಗೆ ಸೀಟಿನ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗವಿದೆಯೇ ನೋಡಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ ತೊಡೆಗೆ ಆಸರೆ ಸಾಲದು, ಜಾಗವೇ ಇಲ್ಲದಿದ್ದರೆ ಕಾಲು ಜೋಮು ಹಿಡಿಯುತ್ತದೆ.

ಹೀಗೆ ಹೊಂದಿಸಿದ ಮೇಲೆ ಓಡಿಸುತ್ತಾ ಹದಿನೈದನೇ, ಮೂವತ್ತನೇ ಮತ್ತು ನಲವತ್ತೈದನೇ ನಿಮಿಷದಲ್ಲಿ ಮೈಯನ್ನು ಗಮನಿಸಿ. ನೀವು ಅರಿವಿಲ್ಲದೆ ಪದೇಪದೇ ಮಗ್ಗುಲು ಬದಲಿಸುತ್ತಿದ್ದರೆ ಅದೇ ಮೊದಲ ಸೂಚನೆ. ನೋವಿನ ಜಾಗವೇ ಕಾರಣವನ್ನು ತಿಳಿಸುತ್ತದೆ. ಪೃಷ್ಠದಲ್ಲಿ ನೋವಾದರೆ ಫೋಮ್ ತೆಳು; ತೊಡೆಯ ಕೆಳಭಾಗ ಮರಗಟ್ಟಿದರೆ ಸೀಟಿನ ಮುಂದಿನ ಅಂಚು ಎತ್ತರ; ಸೊಂಟದ ಮೇಲ್ಭಾಗ ಸೋತರೆ ಬೆನ್ನಿನ ಕೆಳಭಾಗಕ್ಕೆ ಆಸರೆಯಾಗುವ ಉಬ್ಬು ಸೀಟಿನಲ್ಲಿ ಇಲ್ಲ ಅಥವಾ ಅದು ತಪ್ಪು ಎತ್ತರದಲ್ಲಿದೆ; ಕತ್ತು ನೊಂದರೆ ಹೆಡ್‌ರೆಸ್ಟ್ ತಲೆಯನ್ನು ಮುಂದಕ್ಕೆ ತಳ್ಳುತ್ತಿದೆ. ಎಡಗಾಲಿಗೆ ಕ್ಲಚ್ಚಿನ ಪಕ್ಕದಲ್ಲಿ ಊರಲು ಜಾಗ ಇಲ್ಲದಿದ್ದರೆ ಸೊಂಟ ಒಂದು ಬದಿಗೆ ತಿರುಚಿಕೊಂಡೇ ಇರುತ್ತದೆ.

ಎರಡು ಕಾರು, ಒಂದು ಆಯ್ಕೆ

ತುಮಕೂರಿನ ನಮ್ಮ ಉದಾಹರಣೆಯವರು ಐದು ಅಡಿ ಹತ್ತು ಅಂಗುಲ ಎತ್ತರ ಎಂದುಕೊಳ್ಳೋಣ. ಅವರ ಮುಂದೆ ಒಂದು ಸಣ್ಣ ಎಸ್‌ಯುವಿ, ಒಂದು ಸೆಡಾನ್ ಇವೆ. ನಿಂತಿರುವಾಗ ಎಸ್‌ಯುವಿ ಹೆಚ್ಚು ನಿಶ್ಶಬ್ದ. ಆದರೆ 80ರಲ್ಲಿ ಹೋಗಿ ಬಂದ ಸರಾಸರಿ ಎಸ್‌ಯುವಿಯಲ್ಲಿ 70, ಸೆಡಾನಿನಲ್ಲಿ 66. ದಿನದ ಹೆಚ್ಚಿನ ಹೊತ್ತು ಹೆದ್ದಾರಿಯಲ್ಲೇ ಕಳೆಯುವ ಅವರಿಗೆ ಈ ನಾಲ್ಕು ಡೆಸಿಬೆಲ್ಲೇ ಮುಖ್ಯ, ಸಿಗ್ನಲ್‌ನ ನಿಶ್ಶಬ್ದ ಅಲ್ಲ. ಸೀಟಿನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಸೆಡಾನಿನಲ್ಲಿ ಮಂಡಿ ಮೇಲೆದ್ದು ಮೂವತ್ತನೇ ನಿಮಿಷಕ್ಕೆ ಸೊಂಟ ಹಿಡಿಯುತ್ತದೆ, ಎಸ್‌ಯುವಿಯಲ್ಲಿ ನಲವತ್ತೈದಾದರೂ ತೊಂದರೆಯಿಲ್ಲ.

ಇಂಥಲ್ಲಿ ನಾನು ಸೀಟಿಗೇ ಮೊದಲ ಸ್ಥಾನ ಕೊಡುತ್ತೇನೆ. ಟೈರು ಸವೆದು ಬದಲಿಸುವ ಕಾಲಕ್ಕೆ ಸದ್ದು ಕಡಿಮೆಯ ಟೈರು ಹಾಕಿಸಿ ವ್ಯತ್ಯಾಸವನ್ನು ತಕ್ಕಮಟ್ಟಿಗೆ ತಗ್ಗಿಸಿಕೊಳ್ಳಬಹುದು. ಕಾರಿನಲ್ಲಿರುವ ಹೊಂದಾಣಿಕೆಯನ್ನು ಮೀರಿ ಸೀಟಿನ ಎತ್ತರವನ್ನಾಗಲಿ, ಪೆಡಲುಗಳ ಕೋನವನ್ನಾಗಲಿ ಬದಲಿಸಲಾಗದು. ಆಕ್ಸೆಸರಿ ಅಂಗಡಿಗಳಲ್ಲಿ ಬಾಗಿಲಿಗೆ ಅಂಟಿಸುವ ಡ್ಯಾಂಪಿಂಗ್ ಶೀಟಿನ ಮೇಲೆ ಹೆಚ್ಚು ಭರವಸೆ ಬೇಡ. ಅದು ತಗಡಿನ ಕಂಪನವನ್ನು ತಗ್ಗಿಸುತ್ತದೆ, ಸ್ಪೀಕರಿನ ದನಿಯನ್ನು ಸುಧಾರಿಸುತ್ತದೆ. ಚಕ್ರದ ಕಡೆಯಿಂದ ಬರುವ ಸದ್ದಿಗೆ ಬಾಗಿಲೊಂದರಿಂದ ಹೆಚ್ಚು ಪ್ರಯೋಜನವಿಲ್ಲ. ಬಾಗಿಲಿನ ತಳದಲ್ಲಿ ಮಳೆನೀರು ಹೊರಹೋಗುವ ರಂಧ್ರಗಳನ್ನು ಶೀಟು ಮುಚ್ಚಿದರೆ ಒಳಗೆ ತುಕ್ಕು ಹಿಡಿಯುತ್ತದೆ.

ಬುಕಿಂಗ್‌ಗೆ ಮುಂಚೆ ಇನ್ನೊಂದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಟೆಸ್ಟ್ ಡ್ರೈವಿಗೆ ಕೊಡುವುದು ಬಹುತೇಕ ದುಬಾರಿ ವೇರಿಯಂಟ್. ನೀವು ಕೊಳ್ಳುವ ವೇರಿಯಂಟಿನಲ್ಲಿ ಸೀಟಿನ ಎತ್ತರ ಹೊಂದಿಸುವ ಸೌಲಭ್ಯ, ಹೊಂದಿಸಬಲ್ಲ ಹೆಡ್‌ರೆಸ್ಟ್, ಅದೇ ಅಳತೆಯ ಚಕ್ರ ಇಲ್ಲದಿರಬಹುದು. ಹಾಗಿದ್ದಲ್ಲಿ ನೀವು ಬರೆದುಕೊಂಡ ಅಂಕಿ, ನಿಮಿಷಗಳೆಲ್ಲ ಬೇರೊಂದು ಕಾರಿನವು; ಕೊಳ್ಳಲಿರುವ ವೇರಿಯಂಟನ್ನೇ ತರಿಸಿಕೊಡುವಂತೆ ಕೇಳಿ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.